ಅಪ್ಪ ನೆಮ್ಮದಿಯಾಗಿದ್ದಾರಾ ಅಂತ ಕೇಳಿದ್ಯಲ್ಲ

ಪುಟ್ಟಿ,

ನಿಮ್ಮಪ್ಪನ ತಿಥಿ ಮುಗಿದ ರಾತ್ರಿ ಹಿತ್ತಿಲಲ್ಲಿ ಪಾತ್ರೆ ತೊಳೆಯುವಾಗ ಬಂದು ಕೇಳಿದೆ, "ಚಿಕ್ಕಮ್ಮ, ಅಪ್ಪ ನೆಮ್ಮದಿಯಾಗಿದ್ದಾರಾ?" ಅಂತ. ನನ್ನ ಕೈಯೆಲ್ಲ ಸಬೀನಾ. "ಇದ್ದಾರೆ ಕಣೆ, ಹೋಗಿ ಮಲಗು" ಅಂದುಬಿಟ್ಟೆ. ಅದು ಉತ್ತರ ಅಲ್ಲ, ನಿನ್ನನ್ನು ಅಲ್ಲಿಂದ ಸಾಗಹಾಕುವ ಮಾತು. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ನೋಟ್‌ಬುಕ್ಕು. ಎಲ್ಲ ಒಂದೇ ಸಲ ಓದಬೇಡ. ಯಾವ ರಾತ್ರಿ ಯಾವುದು ಕಾಡುತ್ತೋ ಆ ಹಾಳೆ ತೆಗಿ. ಬಾಯಿಬಿಟ್ಟು ಓದಿದರೆ ಇನ್ನೂ ಒಳ್ಳೇದು.

ಫೋನಿನಲ್ಲಿ ಕೇಳಿದ ಸದ್ದು ನೆನಪಾದ ರಾತ್ರಿಗೆ

ನೀನು ಬಿಡದಿ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೆ. ನಿನ್ನ ತಮ್ಮ ಫೋನನ್ನು ನಿಮ್ಮಪ್ಪನ ಕಿವಿಗೆ ಹಿಡಿದಿದ್ದ. ನೀನು "ಅಪ್ಪಾ ಬರ್ತಿದೀನಿ, ಬರ್ತಿದೀನಿ" ಅಂತಿದ್ದೆ. ಆ ಕಡೆಯಿಂದ ನಿನಗೆ ಕೇಳಿದ್ದು ಗಂಟಲಿನ ಗೊರಗೊರ ಸದ್ದು ಮಾತ್ರ. ಅಪ್ಪ ಉಸಿರಿಗೆ ಒದ್ದಾಡುತ್ತಿದ್ದರು, ಏನೋ ಹೇಳೋಕೆ ಹೋಗಿ ಆಗಲಿಲ್ಲ ಅಂತ ನೀನು ಅಂದುಕೊಂಡಿದ್ದೀಯ.

ನಾನು ಮಂಚದ ಪಕ್ಕದಲ್ಲೇ ಇದ್ದೆ. ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು ನಾನು. ಆ ಸದ್ದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಅದು ಮಾತಲ್ಲ, ಒದ್ದಾಟವೂ ಅಲ್ಲ. ಎಚ್ಚರ ತಪ್ಪಿದವರಿಗೆ ಎಂಜಲು ನುಂಗೋಕೆ ಆಗಲ್ಲ, ಕೆಮ್ಮೋಕೂ ಆಗಲ್ಲ. ಗಂಟಲಲ್ಲಿ ನಿಂತ ನೀರಿನ ಮೇಲೆ ಉಸಿರು ಹಾದುಹೋಗುವಾಗ ಹಾಗೆ ಸದ್ದು ಬರುತ್ತೆ. ಪಕ್ಕದಲ್ಲಿ ಕೂತವರಿಗೆ ಅದನ್ನು ಕೇಳಿ ಸಹಿಸೋಕಾಗಲ್ಲ. ಮಲಗಿದವರಿಗೆ ಆ ಹೊತ್ತಿಗೆ ಅದರ ಅರಿವಿರಲ್ಲ.

ನೋವಿದೆಯಾ ಅಂತ ತಿಳಿಯೋಕೆ ನಾವು ಹಣೆ ನೋಡುತ್ತೇವೆ. ಮಾತು ಬರದವರಿಗೂ ನೋವಾದರೆ ಹುಬ್ಬು ಗಂಟಿಕ್ಕುತ್ತೆ, ಬೆರಳು ಬೆಡ್‌ಶೀಟ್ ಹಿಡಿಯುತ್ತೆ. ನಾನು ಬಾವನ ಹಣೆಯನ್ನೇ ನೋಡುತ್ತಿದ್ದೆ. ಸಡಿಲವಾಗಿತ್ತು. ಬಲಗೈ ನನ್ನ ಕೈಯಲ್ಲಿತ್ತು. ಮಂಡಿಯಿಂದ ಕೆಳಕ್ಕೆ ತಣ್ಣಗಾಗುತ್ತಾ ಬಂತು. ಉಸಿರು ನಾಲ್ಕೈದು ಸಲ ಬೇಗ ಬೇಗ ಬಂದು ನಿಲ್ಲುತ್ತಿತ್ತು. ನಾನು ಮನಸ್ಸಲ್ಲೇ ಎಣಿಸುತ್ತಿದ್ದೆ. ಹದಿನೈದು, ಇಪ್ಪತ್ತು. ಮತ್ತೆ ಶುರುವಾಗುತ್ತಿತ್ತು. ಕೊನೆಗೊಂದು ಸಲ ಎಣಿಸುತ್ತಾ ಎಪ್ಪತ್ತಕ್ಕೆ ಬಂದೆ. ಆಮೇಲೆ ಎಣಿಸೋದು ಬಿಟ್ಟೆ. ಅಷ್ಟೇ ಪುಟ್ಟಿ. ನಾನು ಕಂಡಿದ್ದು ಅಷ್ಟೇ. ನಿನ್ನ ಸಮಾಧಾನಕ್ಕೆ ಒಂದಕ್ಷರ ಸೇರಿಸಿಲ್ಲ.

ನಿನ್ನ ದನಿ ಕೇಳಿಸಿತಾ ಅಂತಲೂ ಕೇಳಿದ್ದೆ. ಕಿವಿ ಕೊನೆಗೆ ಹೋಗೋದು ಅಂತ ನಮಗೆ ಹಿರಿಯ ಸಿಸ್ಟರ್‌ಗಳು ಹೇಳಿಕೊಡುತ್ತಿದ್ದರು. ರೋಗಿಯ ಮುಂದೆ ಹುಷಾರಾಗಿ ಮಾತಾಡಿ ಅಂತ. 2020ರಲ್ಲಿ ಕೆನಡಾದಲ್ಲಿ ಇದನ್ನು ಪರೀಕ್ಷೆ ಮಾಡಿದರು. ಸಾಯುವುದಕ್ಕೆ ಕೆಲವೇ ಗಂಟೆ ಉಳಿದು, ಕೂಗಿದರೂ ಓಗೊಡದ ರೋಗಿಗಳಲ್ಲಿ ಕೆಲವರ ಮೆದುಳು ಸದ್ದಿಗೆ ಸ್ಪಂದಿಸುತ್ತಿತ್ತಂತೆ. ಆರೋಗ್ಯವಾಗಿರುವವರ ಮೆದುಳಿನ ಹಾಗೇ. ಸದ್ದು ತಲುಪಿತು ಅಂತ ಹೇಳಬಹುದು, ಮಾತು ಅರ್ಥವಾಯಿತು ಅಂತ ಅದರಿಂದ ಹೇಳೋಕಾಗಲ್ಲ. ಆದರೆ ನಲವತ್ತು ವರ್ಷ ಕೇಳಿದ ಮಗಳ ದನಿ. ಅದನ್ನು ಗುರುತಿಸೋಕೆ ಅರ್ಥ ಯಾಕೆ ಬೇಕು ಹೇಳು.

ಕಾಗೆ ಮುಟ್ಟಲಿಲ್ಲ ಅಂತ ಯಾರಾದರೂ ಅಂದ ದಿನಕ್ಕೆ

ಹಾಲು ತುಪ್ಪದ ದಿನ ಹೂತ ಗುಡ್ಡೆ ಮೇಲೆ ಎಡೆ ಇಟ್ಟು ಎಲ್ಲರೂ ದೂರ ನಿಂತೆವು. ಒಂದು ಗಂಟೆ ಆಯಿತು. ಕಾಗೆ ತೆಂಗಿನಮರದಲ್ಲಿ ಕೂತಿತ್ತು, ಇಳಿಯಲಿಲ್ಲ. ಹಿಂದಿನಿಂದ ಯಾರೋ ಅಂದರು, "ಏನೋ ಆಸೆ ಉಳ್ಕೊಂಡಿದೆ." ನಿನ್ನ ಮುಖ ಆಗಲೇ ಬಿಳುಚಿಕೊಂಡಿತು. ನಿನ್ನ ದೊಡ್ಡಪ್ಪ ಕೈಮುಗಿದು, "ಸಣ್ಣವನ ಮದುವೆ ನಾವು ಮಾಡ್ತೀವಿ, ಎಡೆ ಮುಟ್ಟಪ್ಪಾ" ಅಂದರು. ಆಗಲೂ ಇಲ್ಲ.

ಈಗ ನಾನು ಹೇಳೋದು ಕೇಳು. ಅಲ್ಲಿ ಅರವತ್ತು ಜನ ಇದ್ದೆವು. ತಮಟೆಯವರು ಆಗಷ್ಟೇ ನಿಲ್ಲಿಸಿದ್ದರು. ಎರಡು ನಾಯಿ ಎಡೆ ಸುತ್ತ ಸುಳಿಯುತ್ತಿದ್ದವು. ಕಾಗೆಯಷ್ಟು ಗುಮಾನಿಯ ಹಕ್ಕಿ ಬೇರೆ ಇಲ್ಲ, ಅಷ್ಟು ಜನರ ನಡುವೆ ಅದು ಇಳಿಯುತ್ತಾ? ಇನ್ನೊಂದು ಇದೆ, ನಗಬೇಡ. ನಿಮ್ಮಪ್ಪ ಜೀವಮಾನವೆಲ್ಲ ಕಡಲೆಕಾಯಿ ಹೊಲದಲ್ಲಿ ಕವಣೆ ಹಿಡಿದು ಕಾಗೆ ಓಡಿಸಿದವರು. ಕಾಗೆ ಮನುಷ್ಯರ ಮುಖ ಗುರುತಿಟ್ಟುಕೊಂಡು ವರ್ಷಗಟ್ಟಲೆ ಮರೆಯಲ್ಲ ಅನ್ನೋದನ್ನು ವಿಜ್ಞಾನಿಗಳೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅವರ ಗುಡ್ಡೆಗೆ ಬಂದು ಊಟ ಮಾಡು ಅಂದರೆ ಯಾವ ಕಾಗೆಗೆ ಧೈರ್ಯ ಬರುತ್ತೆ!

ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಅದಕ್ಕೇ ಕಾಗೆ ಬರದಿದ್ದರೆ ಹಸುವಿಗೆ ಕೊಡಿ ಅಂದರು. ಬ್ರಾಹ್ಮಣರಲ್ಲಿ ದರ್ಭೆಯಲ್ಲೇ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸುತ್ತಾರೆ. ಬರದೇ ಇರೋ ದಿನಗಳೂ ಇರುತ್ತವೆ ಅಂತ ಗೊತ್ತಿದ್ದವರೇ ಇಂಥ ದಾರಿ ಇಟ್ಟಿರಬೇಕು ಅಲ್ವಾ?

ಮಾರನೇ ದಿನ ಬೆಳಿಗ್ಗೆ ನಾನು ಚೊಂಬು ತರೋಕೆ ಅಂತ ಹೋಗಿದ್ದೆ. ಎಲೆ ಖಾಲಿ. ಕಡುಬಿಲ್ಲ, ವಡೆ ಇಲ್ಲ, ಬೀಡಿಕಟ್ಟು ಮಾತ್ರ ಹಾಗೇ ಇತ್ತು, ಇಬ್ಬನಿಗೆ ನೆಂದು. ಕಾಗೆ ತಿಂದಿತೋ ನಾಯಿ ತಿಂದಿತೋ. ಯಾರದೋ ಹೊಟ್ಟೆ ತುಂಬಿತು.

ಸುಮ್ನೆ ಕೂತಾಗ ಓದೋಕೆ

ನಾವು ಸತ್ತವರನ್ನು "ಸತ್ತರು" ಅನ್ನಲ್ಲ, ಗಮನಿಸಿದ್ದೀಯಾ? "ತೀರಿಕೊಂಡರು" ಅಂತೀವಿ. ಸಾಲ ತೀರಿತು. ಬಾಯಾರಿಕೆ ತೀರಿತು. ಹಂಬಲ ತೀರಿತು. ತೀರುವುದು ಅಂದರೆ ಬಾಕಿ ಏನೂ ಇಲ್ಲ ಅಂತ. ಸೊಸೈಟಿ ಸಾಲ ಕಟ್ಟಿ ಬಂದ ದಿನ ನಿಮ್ಮಪ್ಪ ಜಗಲಿ ಮೇಲೆ ಕೂತು "ತೀರ್ತು ಕಣಮ್ಮಿ" ಅಂದಿದ್ದು ನನಗೆ ನೆನಪಿದೆ. ಅವತ್ತು ಅವರ ಭುಜ ಇಳಿದಿದ್ದ ರೀತಿ ನನ್ನ ಕಣ್ಣಲ್ಲಿದೆ. ಬೆಳಗಿನ ಜಾವ ಆಸ್ಪತ್ರೆಯಲ್ಲೂ ಭುಜ ಹಾಗೇ ಇಳಿದಿತ್ತು.

"ಕಾಲವಾದರು" ಅಂತಲೂ ಅಂತೀವಿ. ಕಾಲವೇ ಆಗಿಹೋದರು. ಲಿಂಗಾಯತರು "ಐಕ್ಯರಾದರು" ಅಂತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಉಪವಾಸವಿದ್ದು ದೇಹ ಬಿಟ್ಟ ಮುನಿಗಳ ಶಾಸನಗಳಿವೆ, 1300 ವರ್ಷಕ್ಕೂ ಹಿಂದಿನವು ಕೂಡ. ಅಲ್ಲಿ ಸಾವಿಗೆ ಬರುವ ಹೆಸರುಗಳಲ್ಲಿ ಒಂದು "ಸಮಾಧಿ". ಅದೇ ಮಾತನ್ನು ನಾವು ಹೂತ ಜಾಗಕ್ಕೂ ಹೇಳುತ್ತೇವೆ, ನೆಮ್ಮದಿಗೆ "ಸಮಾಧಾನ" ಅನ್ನುವಾಗಲೂ ಅದರ ನಂಟನ್ನೇ ಹೇಳುತ್ತೇವೆ. ಬೇರೆ ಬೇರೆ ಮನೆಯವರು, ಬೇರೆ ಬೇರೆ ದೇವರು. ಒಬ್ಬರೂ ಸಾವಿಗೆ ಕೊರತೆ, ಒದ್ದಾಟ ಅಂತ ಹೆಸರಿಡಲಿಲ್ಲ.

ನಿಜವಾಗಿ ಎಲ್ಲಿದ್ದಾರೆ ಅನ್ನೋ ಪ್ರಶ್ನೆ ಬಿಡದಿದ್ದಾಗ

ನಚಿಕೇತನ ಕಥೆ ನಿನಗೆ ಗೊತ್ತು. ಕಠೋಪನಿಷತ್ತಿನದು. ಅಪ್ಪ ಸಿಟ್ಟಿನಲ್ಲಿ "ನಿನ್ನನ್ನು ಯಮನಿಗೆ ಕೊಟ್ಟೆ" ಅಂದ. ಹುಡುಗ ಹೊರಟೇಬಿಟ್ಟ. ಯಮ ಮನೆಯಲ್ಲಿರಲಿಲ್ಲ. ಮೂರು ರಾತ್ರಿ ಊಟವಿಲ್ಲದೆ ಬಾಗಿಲಲ್ಲಿ ಕಾದ. ಬಂದ ಅತಿಥಿ ಉಪವಾಸ ಇದ್ದನಲ್ಲ ಅಂತ ಯಮನಿಗೇ ಹೆದರಿಕೆಯಾಗಿ, ರಾತ್ರಿಗೊಂದರಂತೆ ಮೂರು ವರ ಕೇಳು ಅಂದ.

ಎಲ್ಲರೂ ಮೂರನೇ ವರದ ಬಗ್ಗೆ ಮಾತಾಡುತ್ತಾರೆ. ಸತ್ತ ಮೇಲೆ ಮನುಷ್ಯ ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ಯಾವುದು ನಿಜ ಅಂತ ಕೇಳಿದ್ದು. ಯಮ ತಪ್ಪಿಸಿಕೊಳ್ಳೋಕೆ ನೋಡಿದ. ಇದರಲ್ಲಿ ದೇವತೆಗಳಿಗೇ ಹಿಂದೆ ಅನುಮಾನ ಇತ್ತು, ಬೇರೆ ಕೇಳು, ಆನೆ ಕುದುರೆ ಚಿನ್ನ ಕೊಡ್ತೀನಿ ಅಂದ. ಇದು ಹತ್ತನೇ ಕ್ಲಾಸಿನ ಪ್ರಶ್ನೆ ಅಲ್ಲ, ಪುಟ್ಟಿ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಾ ನಾನು ಉತ್ತರ ಕೊಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ.

ಆದರೆ ಮೊದಲನೇ ವರ ಏನು ಕೇಳಿದ ಗೊತ್ತಾ? ಸಾವಿನ ಮನೆ ಬಾಗಿಲಲ್ಲಿ ನಿಂತ ಮಗು, ಹಸಿದ ಹೊಟ್ಟೆಯಲ್ಲಿ, ತನಗೆ ಅಂತ ಏನೂ ಕೇಳಲಿಲ್ಲ. ನಮ್ಮಪ್ಪನ ಮನಸ್ಸು ನೆಮ್ಮದಿಯಾಗಿರಲಿ, ಸಿಟ್ಟು ಇಳಿಯಲಿ, ನಾನು ಹೋದರೆ ನನ್ನ ಗುರುತು ಹಿಡಿಯಲಿ ಅಂತ ಕೇಳಿದ. ನೀನು ಕೇಳಿದ್ದೂ ಅದನ್ನೇ. ಅಷ್ಟು ಹಿಂದೆ ಒಂದು ಮಗು ಕೇಳಿದ ಪ್ರಶ್ನೆಯನ್ನೇ ನೀನು ಕೇಳಿದ್ದೀಯ.

ಆ ವರಕ್ಕೆ ಯಮ ಚೌಕಾಸಿ ಮಾಡಲಿಲ್ಲ. ಆನೆ ಕೊಡ್ತೀನಿ ಕುದುರೆ ಕೊಡ್ತೀನಿ ಅನ್ನಲಿಲ್ಲ. ಮೊದಲಿನ ಹಾಗೇ ನಿನ್ನ ಗುರುತು ಹಿಡಿಯುತ್ತಾನೆ, ರಾತ್ರಿ ಸುಖವಾಗಿ ಮಲಗುತ್ತಾನೆ, ಹೋಗು ಅಂದ. ಸಾವಿನ ಬಾಯಿಂದಲೇ ಬಂದ ಮಾತಿದು. ನಾನಾದರೆ ಇದನ್ನು ಹಿಡಿದುಕೊಳ್ಳುತ್ತೇನೆ, ಮೂರನೆಯದನ್ನು ತಿಳಿದವರಿಗೆ ಬಿಡುತ್ತೇನೆ.

ಕನಸಿನಲ್ಲಿ ಬಂದ ಬೆಳಿಗ್ಗೆಗೆ

ಕನಸಲ್ಲಿ ಮಾತಾಡಲಿಲ್ಲ, ಮುಖ ಬಾಡಿತ್ತು, ಹಸಿದ ಹಾಗಿತ್ತು ಅಂತ ಎದೆ ಹೊಡೆದುಕೊಳ್ಳಬೇಡ. ಐದು ತಿಂಗಳು ಡಯಾಲಿಸಿಸ್ ಮಾಡಿಸಿ ಬಂದ ಮುಖ ಅದು. ನಿನ್ನ ತಲೆ ಸದ್ಯಕ್ಕೆ ಆ ಫೋಟೋನೇ ತೆಗೆದು ತೋರಿಸುತ್ತೆ. ನಿಮ್ಮಜ್ಜಿ ಹೋದಾಗ ನನಗೂ ಹಾಗೇ ಆಗಿತ್ತು. ಎರಡನೇ ವರ್ಷ ಅವಳು ಕನಸಲ್ಲಿ ಅವರೆಕಾಯಿ ಸುಲಿಯುತ್ತಾ ಬಂದಳು, ಮೈ ತುಂಬಿಕೊಂಡು, ನನ್ನನ್ನು ಬೈಯುತ್ತಾ.

ಎದ್ದು ಮುಖ ತೊಳಿ. ಕಾಫಿ ಕುಡಿ. ನನಗೆ ಫೋನ್ ಮಾಡು. ಐದು ಗಂಟೆಗೇ ಎದ್ದಿರುತ್ತೇನೆ.

ಹಿರಿಯರ ಹಬ್ಬದ ದಿನ ಎಡೆ ಮುಂದೆ

ಮಹಾಲಯ ಅಮಾವಾಸ್ಯೆಗೆ ನೀನು ಬೆಂಗಳೂರಲ್ಲೇ ಎಡೆ ಇಡಬೇಕಾಗಬಹುದು. ಮುದ್ದೆ, ಬಸ್ಸಾರು, ಉಪ್ಪಿನಕಾಯಿ ಇಡು. ಬಸ್ಸಾರಿಗೆ ಹುರುಳಿಕಾಳು ಹಾಕು, ಹೆಸರುಕಾಳು ಅವರಿಗೆ ಆಗುತ್ತಿರಲಿಲ್ಲ. ಕೊನೆಯ ಐದು ತಿಂಗಳು ಉಪ್ಪು ಬೇಡ, ನೀರು ಅಳತೆಯಲ್ಲಿ ಅಂತ ನಾವೇ ಕಾವಲು ಕಾದೆವು. ಈಗ ಉಪ್ಪು ಸರಿಯಾಗಿ ಹಾಕು. ದೊಡ್ಡ ಚೊಂಬಿನ ತುಂಬ ನೀರಿಡು. ಪಕ್ಕದಲ್ಲಿ ಬೀಡಿ. ನಿಮ್ಮಮ್ಮ ಏನಾದರೂ ಅಂದರೆ ನಾನು ಹೇಳಿದೆ ಅನ್ನು.

ಬಾಗಿಲು ಮುಂದೆ ಮಾಡಿ ಹೊರಗೆ ಬರುವ ಮುಂಚೆ ಇದನ್ನು ಓದು:

ಅಪ್ಪಾ, ನಾನು ಬರೋದು ತಡವಾಯಿತು. ಬಿಡದಿಯಲ್ಲಿ ಸಿಕ್ಕಿಕೊಂಡಿದ್ದೆ. ನನ್ನ ದನಿ ಬಂತಲ್ಲ, ಅದನ್ನೇ ನಾನು ಅಂದುಕೋ.
ನಿನ್ನ ಕೈಗೆ ಚುಚ್ಚುವ ಸೂಜಿ ಇನ್ನಿಲ್ಲ. ಅಳತೆಯ ನೀರಿಲ್ಲ. ಬೇಕಾದಷ್ಟು ಕುಡಿ.
ತಮ್ಮನ ಮದುವೆ ನೋಡಿಕೊಳ್ಳುತ್ತೇವೆ. ಬಾವಿ ಪಕ್ಕದ ತೆಂಗಿಗೆ ಗೊಬ್ಬರ ಹಾಕಿಸಿದ್ದಾಗಿದೆ. ಹಸು ಕರು ಹಾಕಿದೆ, ಹೆಣ್ಣುಗರು.
ನಿನಗೆ ನಮ್ಮ ಕಡೆಯಿಂದ ಬಾಕಿ ಏನೂ ಇಲ್ಲ. ನಮಗೂ ನಿನ್ನ ಕಡೆಯಿಂದ ಇಲ್ಲ.
ಊಟ ಮಾಡು. ನಾವು ಹೊರಗೆ ಇರ್ತೀವಿ.

ಆಮೇಲೆ ಬಾಗಿಲು ಮುಂದೆ ಮಾಡು. ಹತ್ತು ನಿಮಿಷ ಹೊರಗೆ ಕೂರು. ಮಕ್ಕಳು ಗಲಾಟೆ ಮಾಡಿದರೆ ಮಾಡಲಿ, ನಿಮ್ಮಪ್ಪನಿಗೆ ಅದು ಇಷ್ಟವೇ ಇತ್ತು.

ನಿನ್ನ ಚಿಕ್ಕಮ್ಮ