ಬಚ್ಚಲ ಗೋಡೆಯ ಪೈಪಿನ ವಿಷಯ

ವಿಜಯಪುರ
12-7-2025

ಮಾಸ್ತರರಿಗೆ ನಮಸ್ಕಾರ.

ಬಚ್ಚಲ ಪೈಪ್ ಸೋರುವ ವಿಷಯಕ್ಕೆ ನಿನ್ನೆ ಫೋನಿನಲ್ಲಿ "ಇದೊಂದು ಸಲ ಏನಾದರೂ ಹಚ್ಚಿ ಬಿಡಪ್ಪಾ, ಮುಂದೆ ನೋಡೋಣ" ಅಂದಿರಿ. ನಾನು ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಬರಲಿಲ್ಲ. ನೀವು ಬರೆದದ್ದನ್ನು ಎರಡು ಸಲ ಓದುವವರು, ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಮೊದಲು ನಿಮ್ಮ ಮೀಟರ್ ಪೆಟ್ಟಿಗೆ ಮೇಲೆ ಇಟ್ಟಿರುವ ಪ್ಲಾಸ್ಟಿಕ್ ಚೀಲ ಬಿಚ್ಚಿ ನೋಡಿ. ಅದರಲ್ಲಿ ಗೇಣುದ್ದದ ಒಂದು ತುಂಡು ಪೈಪ್ ಇದೆ. ಮಂಗಳವಾರ ಎಲ್ಬೋ ಹತ್ತಿರ ಪಾನಾ ಹಾಕಿ ತಿರುವಿದಾಗ ಥ್ರೆಡ್ ಇದ್ದ ಕಡೆಗೇ ಮುರಿದು ಕೈಗೆ ಬಂತು. ನಾನು ಜೋರು ಮಾಡಿರಲಿಲ್ಲ. ಆಮೇಲೆ ಹೊಸ ತುಂಡು ಹಾಕಿದೆನಲ್ಲ, ಅದರ ಹಳೇದು ಇದು. ಹೊರಗಡೆ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ಒಳಗೆ ಕಿರುಬೆರಳು ಹಾಕಿ ನೋಡಿ, ಹೋಗುವುದಿಲ್ಲ. ಒಂದು ಇಂಚಿನ ಪೈಪು ಅದು! ಒಳಗೆ ಕೆಂಪು ಗುಳ್ಳೆ ಗುಳ್ಳೆಯಾಗಿ ತುಕ್ಕು ಬೆಳೆದು, ನೀರು ಹೋಗಲು ಪೆನ್ಸಿಲ್ ದಪ್ಪದ ದಾರಿ ಉಳಿದಿದೆ. ಅಮ್ಮಾವರು ವರ್ಷದಿಂದ "ನಳಕ್ಕೆ ಜೋರೇ ಇಲ್ಲ" ಅನ್ನುತ್ತಿದ್ದರು. ನಾವು ನಳದ ತಪ್ಪು ಅಂತ ನಳ ಬದಲಿಸಿದೆವು. ಅದು ನಂದೇ ತಪ್ಪು.

ಈ ಪೈಪ್ ತುಕ್ಕು ಹಿಡಿಯುವುದು ಒಳಗಿನಿಂದ. ಕಬ್ಬಿಣದ ಮೇಲೆ ಸತುವಿನ ಲೇಪ ಇರುತ್ತದೆ, ಅದು ಇರುವ ತನಕ ಪೈಪು ಗಟ್ಟಿ. ನಿಮ್ಮ ಬೋರಿನದು ಸವಳು ನೀರು. ಮನೆ ಕಟ್ಟಿಸಿದ್ದು 1994ರಲ್ಲಿ ಅಂದಿರಿ, ಅಂದರೆ 31 ವರ್ಷ ಆ ನೀರು ಲೇಪವನ್ನು ತಿಂದಿದೆ. ಥ್ರೆಡ್ ಇರುವ ಕಡೆಯಂತೂ ಕೇಳಲೇಬೇಡಿ. ಈ ಅಳತೆಯ ಪೈಪಿನ ಗೋಡೆ ಇರುವುದೇ 3 ಮಿಲಿಮೀಟರ್ ಚಿಲ್ಲರೆ. ಥ್ರೆಡ್ ಕೊರೆದಾಗ ಅದರಲ್ಲಿ ಹತ್ತಿರಹತ್ತಿರ ಅರ್ಧ ಹೋಗುತ್ತದೆ, ಮೇಲಿನ ಸತುವೂ ಹೋಗುತ್ತದೆ. ಅದಕ್ಕೇ ಜಾಯಿಂಟಿನಲ್ಲೇ ಮೊದಲು ಸೋರುವುದು. ಹೊರಗೆ ಸೂಜಿ ತೂತು ಕಂಡ ದಿನ ಒಳಗಿನ ಕೆಲಸ ಎಂದೋ ಮುಗಿದಿರುತ್ತದೆ.

ಈಗ ನಾವು ಹಚ್ಚಿದ ತೇಪೆಗಳ ಲೆಕ್ಕ. ದೀಪಾವಳಿ ಹೊತ್ತಿಗೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದೆ. ಮಾರ್ಚಿನಲ್ಲಿ ಅದರಿಂದ ಒಂದು ಗೇಣು ಕೆಳಗೆ ಸೋರಿತು, ಎಂ-ಸೀಲ್ ಹಚ್ಚಿದೆ. ಜೂನಿನಲ್ಲಿ ಇನ್ನೂ ಕೆಳಗೆ, ಕ್ಲ್ಯಾಂಪ್ ಹಾಕಿದೆ. ಗಮನಿಸಿದಿರಾ, ಹಚ್ಚಿದ ಜಾಗ ಒಂದೂ ಸೋರಿಲ್ಲ. ಪ್ರತಿ ಸಲ ಪಕ್ಕದ ಜಾಗ ಸೋರಿದೆ. ಹರಿದ ಧೋತರಕ್ಕೆ ಹೊಸ ಬಟ್ಟೆಯ ತೇಪೆ ಹಾಕಿದರೆ ತೇಪೆ ಗಟ್ಟಿಯಾಗಿಯೇ ಇರುತ್ತದೆ, ಅದರ ಅಂಚಿನಲ್ಲಿ ಹರಿಯುತ್ತದೆ, ಹಾಗೆ. ಕ್ಲ್ಯಾಂಪಿನ ನಟ್ ಬಿಗಿಯುವಾಗ ಪೈಪು ಒಳಗೆ ತಗ್ಗಿದ್ದು ನನ್ನ ಕೈಗೆ ಗೊತ್ತಾಯಿತು. ಆಗಲೇ ನಿಲ್ಲಿಸಿ ನಿಮಗೆ ಹೇಳಬೇಕಿತ್ತು. ನೀವು ಸ್ಕೂಟರ್ ಹತ್ತಿ ಹೊರಟಿದ್ದಿರಿ, ಸುಮ್ನೆ ಬಿಟ್ಟೆ.

ಮೂರು ಸಲಕ್ಕೂ ಸೇರಿ ನೀವು ನನಗೆ ಕೊಟ್ಟಿದ್ದು 1,950 ರೂಪಾಯಿ. ನಾಲ್ಕನೇ ಸಲ ಬಂದರೆ ಮತ್ತೆ 600. ನನಗೇನು, ಬರುತ್ತಾ ಇರಬಹುದು, ಚಹಾನೂ ಸಿಗುತ್ತದೆ. ಆದರೆ ತೂತು ಈಗ ಎಲ್ಲಿದೆ ಅಂತ ನೋಡಿ. ಗೋಡೆಯೊಳಗೆ ಹೋಗಿದೆ. ಕೆಳಗೆ ಸೋರಿದ್ದನ್ನು ನಾನು ಬಾಟಲಿ ಹಿಡಿದು ಅಳೆದೆ, ಒಂದು ಲೀಟರ್ ತುಂಬಲು 22 ನಿಮಿಷ ಹಿಡಿಯಿತು. ದಿನಕ್ಕೆ 65 ಲೀಟರ್, ನಾಲ್ಕು ಕೊಡಕ್ಕಿಂತ ಜಾಸ್ತಿ. ಗೋಡೆ ಕುಡಿದದ್ದು ಬೇರೆ. ಬಚ್ಚಲ ಆಚೆ ಮಲಗುವ ಕೋಣೆಯಲ್ಲಿ ಬಣ್ಣ ಉಬ್ಬಿ ಹಪ್ಪಳದ ಹಾಗೆ ಉದುರುತ್ತಿದೆಯಲ್ಲ, ಅದು ಮಳೆ ನೀರಲ್ಲ. ಅದರಿಂದ ಎರಡು ಮಾರು ದೂರಕ್ಕೆ ಗೀಜರಿನ ಸ್ವಿಚ್ ಪೆಟ್ಟಿಗೆ ಇದೆ. ನನಗೆ ನಿಜವಾದ ಹೆದರಿಕೆ ಅದೇ. ಪೈಪ್ ಬದಲಿಸುವ ತನಕ ಒದ್ದೆ ಕೈಯಲ್ಲಿ ಆ ಸ್ವಿಚ್ ಮುಟ್ಟಬೇಡಿ. ಎಲೆಕ್ಟ್ರಿಷಿಯನ್‌ಗೂ ಒಂದು ಸಲ ತೋರಿಸಿ.

ಇಡೀ ಮನೆಯ ಪೈಪ್ ಕಿತ್ತು ಹಾಕು ಅಂತ ನಾನು ಹೇಳುತ್ತಿಲ್ಲ. ಅಡಿಗೆ ಮನೆ ಲೈನಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದೆ, ಟಣ್ ಅನ್ನುತ್ತದೆ. ಒಂದು ಜಾಯಿಂಟ್ ಬಿಚ್ಚಿಯೂ ನೋಡಿದೆ, ಒಳಗೆ ತಕ್ಕಮಟ್ಟಿಗೆ ಚೊಕ್ಕ ಇದೆ. ಅದನ್ನು ಮುಟ್ಟುವುದು ಬೇಡ. ಮಾಳಿಗೆ ಮೇಲಿನ ವಾಲ್ವಿನಿಂದ ಬಚ್ಚಲ ಎಲ್ಬೋ ತನಕ 14 ಅಡಿ ಮಾತ್ರ ಸತ್ತಿದೆ. ಗಟ್ಟಿ ಇರುವ ಕಡೆಯಿಂದ ಗಟ್ಟಿ ಇರುವ ಕಡೆಗೆ ಕೊಯ್ದು ಅಷ್ಟನ್ನೇ ತೆಗೆಯೋಣ.

ಅಲ್ಲಿಗೆ ಮತ್ತೆ ಕಬ್ಬಿಣದ್ದು ಬೇಡ, ಬಿಸಿ ನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕುತ್ತೇನೆ. ಸಾದಾ ಯುಪಿವಿಸಿ ಇನ್ನೂ ಅಗ್ಗ. ಆದರೆ ಗೀಜರ್ ಪಕ್ಕದಲ್ಲೇ ಇದೆ, ಬಿಸಿ ನೀರು ಹಿಂದಕ್ಕೆ ಬಂದರೆ ಅದು ಮೆತ್ತಗಾಗುತ್ತದೆ. ಹಳೇ ಪೈಪಿಗೆ ಸೇರುವ ಎರಡು ಕಡೆ ಹಿತ್ತಾಳೆ ಥ್ರೆಡ್ಡಿನ ಜಾಯಿಂಟ್ ಹಾಕುತ್ತೇನೆ, ಪ್ಲಾಸ್ಟಿಕ್ ಥ್ರೆಡ್ ಅಲ್ಲ. ಮಾಳಿಗೆ ಮೇಲೆ ಬಿಸಿಲಿಗೆ ಬರುವ ಮೂರು ಅಡಿಗೆ ಬಣ್ಣ ಹೊಡೆಯುತ್ತೇನೆ. ನಮ್ಮೂರ ಬಿಸಿಲಿಗೆ ಬರಿ ಪ್ಲಾಸ್ಟಿಕ್ ಬಿಟ್ಟರೆ ನಾಲ್ಕು ಬೇಸಿಗೆಯಲ್ಲಿ ಪೆಡಸಾಗುತ್ತದೆ. ಆದಿಲಶಾಹಿಯವರು ಊರಿಗೆಲ್ಲ ಮಣ್ಣಿನ ಕೊಳವೆಯಲ್ಲಿ ನೀರು ತಂದಿದ್ದರು, ನಡುನಡುವೆ ಗಂಜ್ ಅನ್ನುವ ನೀರಿನ ಗೋಪುರ ಕಟ್ಟಿ ಕೆಸರು ನಿಲ್ಲಿಸುತ್ತಿದ್ದರು ಅಂತ ನೀವೇ ಒಮ್ಮೆ ಹೇಳಿದ್ದಿರಿ. ತುಕ್ಕಿನ ಕಾಟ ಅವರಿಗೆ ಇರಲಿಲ್ಲ ನೋಡಿ!

ಖರ್ಚು ಹೀಗೆ. 10 ಅಡಿಯ ಎರಡು ಪೈಪಿಗೆ 1,700. ಎಲ್ಬೋ, ಜಾಯಿಂಟ್, ಯೂನಿಯನ್, ಹೊಸ ವಾಲ್ವ್ ಸೇರಿ 1,200. ಅಂಟು, ಟೆಫ್ಲಾನ್, ಬಣ್ಣ, ಕ್ಲಿಪ್ಪು 200. ನನಗೆ ಮತ್ತು ಹುಡುಗನಿಗೆ ಕೂಲಿ 1,500. ಗೋಡೆ ಮುಚ್ಚಲು ಗೌಂಡಿಗೆ 800. ಒಟ್ಟು 5,400. ಅಂಗಡಿ ಬಿಲ್ಲು ನಿಮ್ಮ ಕೈಗೇ ಕೊಡುತ್ತೇನೆ. ಉಳಿದ ತುಂಡು ಪೈಪ್ ನಿಮ್ಮ ಮನೆಯಲ್ಲೇ ಇರಲಿ. ಗೋಡೆ ಒಡೆದ ಮೇಲೆ ಒಳಗೆ ಇನ್ನೂ ಜಾಸ್ತಿ ಹಾಳಾಗಿದ್ದರೆ ನಿಮ್ಮನ್ನು ಕರೆದು ತೋರಿಸಿಯೇ ಮುಂದೆ ಹೋಗುತ್ತೇನೆ. ನಾನು ಹಾಕಿದ ಜಾಯಿಂಟ್ ಒಂದು ವರ್ಷದೊಳಗೆ ಸೋರಿದರೆ ಕೂಲಿ ತಗೊಳ್ಳುವುದಿಲ್ಲ.

ಈ ತಿಂಗಳ 29ಕ್ಕೆ ನಾಗರ ಪಂಚಮಿ. ಮಕ್ಕಳು ಮೊಮ್ಮಕ್ಕಳು ಬರುತ್ತಾರೆ ಅಂದಿರಿ. ರೊಟ್ಟಿ ಹಬ್ಬದ ದಿನ ಮನೆ ತುಂಬ ಜನ ಇದ್ದಾಗ ಇದು ಒಡೆದರೆ ನಾನೂ ಊರಲ್ಲಿ ಇರುವುದಿಲ್ಲ, ತಂಗಿಯನ್ನು ಕರೆತರಲು ಸಿಂದಗಿಗೆ ಹೋಗಬೇಕು. 20ನೇ ತಾರೀಖು ರವಿವಾರ ಮಾಡೋಣವೇ? ಮುಂಜಾನೆ 9ಕ್ಕೆ ನೀರು ಬಂದ್ ಮಾಡುತ್ತೇನೆ, ಸಂಜೆ ಹೊತ್ತಿಗೆ ಕೆಲಸ ಮುಗಿಯುತ್ತದೆ. ಅಂಟು ಹಿಡಿಯಲಿ, ರಾತ್ರಿ ನೀರು ಬಿಡುವುದು ಬೇಡ. ಸೋಮವಾರ ಮುಂಜಾನೆ ನಾನೇ ಬಂದು ವಾಲ್ವ್ ತೆರೆದು, ಒಂದೊಂದು ಜಾಯಿಂಟನ್ನೂ ಒಣ ಕಾಗದ ಹಿಡಿದು ನೋಡುತ್ತೇನೆ. ಆಮೇಲೆ ಗೌಂಡಿ ಗೋಡೆ ಮುಚ್ಚಲಿ. ಶನಿವಾರ ರಾತ್ರಿಯೇ ಹಂಡೆ, ಪೀಪಾಯಿ ತುಂಬಿಸಿ ಇಡಲು ಅಮ್ಮಾವರಿಗೆ ಹೇಳಿ. ರವಿವಾರ ಜಳಕ ಬೇಗ ಮುಗಿಸಬೇಕು.

ಅಲ್ಲಿಯ ತನಕ ರಾತ್ರಿ ಮಲಗುವಾಗ ಮಾಳಿಗೆ ಮೇಲಿನ ವಾಲ್ವ್ ಬಂದ್ ಮಾಡಿ. ಅದು ಬಿಗಿಯಾಗಿದೆ, ಬಟ್ಟೆ ಸುತ್ತಿ ತಿರುವಿ, ಪಾನಾ ಹಾಕಬೇಡಿ. ಆಗುವುದಾದರೆ ಗುರುವಾರದೊಳಗೆ ಒಂದು ಫೋನ್ ಮಾಡಿ, ಗೌಂಡಿಗೆ ಹೇಳಿ ಇಡುತ್ತೇನೆ.

ನಿಮ್ಮ
ಮಲ್ಲಪ್ಪ, ಪ್ಲಂಬರ್