ಮಾರಾಟಕ್ಕಿದೆ: ಮೈಸೂರು ಕುವೆಂಪುನಗರ ಕೆ ಬ್ಲಾಕಿನಲ್ಲಿ 30×40 ಸೈಟಿನ ಮನೆ

ಪುಟ 1: ಒಂದು ನೋಟದಲ್ಲಿ

ಪೂರ್ವ ದಿಕ್ಕಿನ ಮನೆ. ಕೆಳಗೊಂದು, ಮೇಲೆ ಎರಡು ಬೆಡ್‌ರೂಮ್. ಸೈಟು 1,200 ಚದರ ಅಡಿ. ಕಟ್ಟಡ ಪೋರ್ಟಿಕೊ ಸೇರಿ 1,575 ಚದರ ಅಡಿ, ಅಂದರೆ ಸುಮಾರು ಹದಿನಾರು ಚದರ. ಕಟ್ಟಿದ್ದು 2004ರಲ್ಲಿ. ಎದುರಿಗೆ 30 ಅಡಿ ರಸ್ತೆ.

ಬೆಲೆ: 1 ಕೋಟಿ 48 ಲಕ್ಷ ರೂಪಾಯಿ. ಸ್ವಲ್ಪ ಮಾತಾಡಬಹುದು, ಜಾಸ್ತಿ ಇಲ್ಲ.

ಫೋಟೋ 1: ರಸ್ತೆಯಿಂದ ಕಂಡ ಮನೆ, ಬೆಳಿಗ್ಗೆ ಎಂಟು ಗಂಟೆ. ಗೇಟಿನ ಪಕ್ಕದ ಹೊಂಗೆ ಮರ ಪಾಲಿಕೆಯದು, ಕಾಂಪೌಂಡಿನ ಹೊರಗಿದೆ.

ಪುಟ 2: ಯಾಕೆ ಮಾರುತ್ತಿದ್ದಾರೆ

ಮಾಲೀಕರು ನಿವೃತ್ತ ದಂಪತಿ. ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದಾರೆ. ಈ ಮನೆಯನ್ನು ತಾವೇ ನಿಂತು ಕಟ್ಟಿಸಿದವರು, ಇದುವರೆಗೆ ಬಾಡಿಗೆಗೆ ಕೊಟ್ಟಿಲ್ಲ. ವಾಸಕ್ಕೆ ಬರುವವರಿಗೇ ಕೊಡಬೇಕೆಂಬ ಆಸೆ ಅವರಿಗಿದೆ. ಹಾಗಾಗಿ ಕುಟುಂಬದವರಿಗೆ ಮೊದಲು ತೋರಿಸುತ್ತಿದ್ದೇವೆ.

ಪುಟ 3: ಕೆಳಮಹಡಿ ನಕ್ಷೆ

ಇಲ್ಲಿ ಕೊಟ್ಟಿರುವುದೆಲ್ಲ ಗೋಡೆ ಬಿಟ್ಟು ಒಳ ಅಳತೆ. ನಾವೇ ಟೇಪ್ ಹಿಡಿದು ಅಳೆದಿದ್ದೇವೆ. ಮಂಚ, ಬೀರು ಹಿಡಿಸುತ್ತದೋ ಇಲ್ಲವೋ ಎಂದು ನೋಡುವವರಿಗೆ ಬೇಕಾಗುವುದು ಇದೇ ಅಲ್ವಾ?

| ಜಾಗ | ಅಡಿ | ಎಲ್ಲಿ |
|---|---|---|
| ಪೋರ್ಟಿಕೊ | 9×14 | ಈಶಾನ್ಯ, ಕೆಳಗೆ ಸಂಪ್ |
| ಹಾಲ್ | 12×15 | ಉತ್ತರ |
| ದೇವರ ಮನೆ | 3×4 | ಹಾಲಿನ ಈಶಾನ್ಯ ಮೂಲೆ |
| ಅಡುಗೆಮನೆ | 10×9 | ಆಗ್ನೇಯ |
| ಯುಟಿಲಿಟಿ | 10×4 | ಅಡುಗೆಮನೆ ಮುಂದೆ |
| ಊಟದ ಜಾಗ | 10×8 | ದಕ್ಷಿಣ |
| ಬೆಡ್‌ರೂಮ್ | 10×12 | ನೈಋತ್ಯ |
| ಬಾತ್‌ರೂಮ್, ಎರಡು | 6×5, 5×5 | ವಾಯವ್ಯ |

ಮೆಟ್ಟಿಲು ಪೋರ್ಟಿಕೊದ ಉತ್ತರ ಗೋಡೆಗೆ ಅಂಟಿಕೊಂಡಿದೆ, ಅಗಲ 3 ಅಡಿ. ಮನೆಯೊಳಗೆ ಬರದೆ ಮೇಲಕ್ಕೆ ಹೋಗಬಹುದು. ಮುಂದೆ ಮೇಲ್ಮಹಡಿಯನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಇದು ದೊಡ್ಡ ಅನುಕೂಲ. ಮಳೆ ಬರುವಾಗ ಮಾತ್ರ ಮೇಲಿನ ಕೆಲವು ಮೆಟ್ಟಿಲು ಒದ್ದೆಯಾಗುತ್ತವೆ. ಅಲ್ಲಿಗೆ ಒಂದು ಶೀಟ್ ಹಾಕಿಸಿದರೆ ಒಳ್ಳೆಯದು.

ಗೇಟಿನಿಂದ ಬಾಗಿಲವರೆಗೆ 17 ಅಡಿ ಇದೆ. ಒಂದು ಕಾರು ಆರಾಮವಾಗಿ ನಿಲ್ಲುತ್ತದೆ. ಎರಡನೇ ಕಾರು ರಸ್ತೆಯಲ್ಲೇ.

ಪುಟ 4: ಮೇಲ್ಮಹಡಿ ನಕ್ಷೆ

ಹಾಲಿನ ಮೇಲೆ 12×13ರ ದೊಡ್ಡ ಬೆಡ್‌ರೂಮ್, ಜೊತೆಗೆ 7×5ರ ಬಾತ್‌ರೂಮ್. ನೈಋತ್ಯದಲ್ಲಿ 10×12ರ ಇನ್ನೊಂದು ಬೆಡ್‌ರೂಮ್. ಇವೆರಡರ ನಡುವೆ 10×8ರ ಕೂರುವ ಜಾಗ. ಪೋರ್ಟಿಕೊ ಮೇಲೆ 9×6ರ ಬಾಲ್ಕನಿ. ಬೆಳಗಿನ ಬಿಸಿಲು ನೇರ ಇಲ್ಲಿಗೆ ಬೀಳುತ್ತದೆ, ಹನ್ನೊಂದರ ಹೊತ್ತಿಗೆ ನೆರಳು. ತಾರಸಿಯಲ್ಲಿ 1,000 ಲೀಟರಿನ ಎರಡು ಟ್ಯಾಂಕ್, ಸೋಲಾರ್ ವಾಟರ್ ಹೀಟರ್ ಇವೆ.

ಮೇಲೆ ಅಡುಗೆಮನೆ ಇಲ್ಲ. ಆದರೆ ಕೂರುವ ಜಾಗದ ಗೋಡೆಯವರೆಗೆ ನೀರಿನ ಪೈಪ್ ಎಳೆದಿಟ್ಟಿದ್ದಾರೆ.

ಪುಟ 5: ಫೋಟೋಗಳು

ಯಾವ ಫೋಟೋಗೂ ಫಿಲ್ಟರ್ ಹಾಕಿಲ್ಲ. ಅಗಲದ ಲೆನ್ಸ್ ಬಳಸಿ ಕೋಣೆಯನ್ನು ದೊಡ್ಡದು ಮಾಡಿ ತೋರಿಸಿಯೂ ಇಲ್ಲ.

ಫೋಟೋ 2: ಹಾಲ್, ಬಾಗಿಲಿನಿಂದ ತೆಗೆದದ್ದು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಉತ್ತರದ ಕಿಟಕಿಗೂ ಪಕ್ಕದ ಕಾಂಪೌಂಡಿಗೂ ನಡುವೆ ಎರಡೂವರೆ ಅಡಿ ಮಾತ್ರ. ಮಧ್ಯಾಹ್ನದ ಮೇಲೆ ಹಾಲಿಗೆ ಲೈಟ್ ಬೇಕು.

ಫೋಟೋ 3: ಅಡುಗೆಮನೆ. ಕಪ್ಪು ಗ್ರಾನೈಟ್ ಕಟ್ಟೆ, ಎರಡೂ ಕಡೆ ಕಪಾಟು. ಪೂರ್ವಕ್ಕೆ ಕಿಟಕಿ ಇದೆ. ಮನೆಯಲ್ಲಿ ಅತಿ ಬೆಳಕಿನ ಕೋಣೆ ಇದೇ.

ಫೋಟೋ 4: ತೇಗದ ಮುಂಬಾಗಿಲು. ಪಾಲಿಶ್ ಮಾಸಿದೆ, ಮರ ಗಟ್ಟಿಯಾಗಿದೆ.

ಫೋಟೋ 5: ಮೇಲಿನ ನೈಋತ್ಯ ಕೋಣೆಯ ಪಶ್ಚಿಮ ಗೋಡೆ. ಸೂರಿನ ಹತ್ತಿರ ತೇವದ ಕಲೆ ಕಾಣುತ್ತದೆ. ತಾರಸಿಯ ಮೂಲೆಯಲ್ಲಿ ನೀರು ನಿಂತು ಒಳಗೆ ಇಳಿದಿದೆ. ನಮ್ಮ ಮೇಸ್ತ್ರಿ ನೋಡಿ, ವಾಟರ್‌ಪ್ರೂಫಿಂಗ್ ಮತ್ತು ಪೇಂಟ್ ಸೇರಿ ಸುಮಾರು 45,000 ರೂಪಾಯಿ ಅಂದಿದ್ದಾರೆ. ಈ ಖರ್ಚನ್ನು ಬೆಲೆಯಲ್ಲಿ ಕಳೆಯಲು ಮಾಲೀಕರು ಒಪ್ಪಿದ್ದಾರೆ. ಮನೆ ನೋಡಲು ಬಂದಾಗ ಇದನ್ನು ಮೊದಲು ಕೇಳಿ ನೋಡಿ.

ಪುಟ 6: ನೀರು, ಕರೆಂಟು

ಪಾಲಿಕೆಯ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಂಪ್ 8,000 ಲೀಟರ್. ನಾಲ್ಕು ಜನರ ಮನೆಗೆ ಸಾಕು. ಬೋರ್‌ವೆಲ್ ಇಲ್ಲ. ಸೆಸ್ಕ್ ಮೀಟರ್ ಒಂದೇ ಇದೆ. ಮೇಲ್ಮಹಡಿಗೆ ಬಾಡಿಗೆದಾರರು ಬಂದರೆ ಇನ್ನೊಂದು ಮೀಟರ್ ಹಾಕಿಸಬೇಕು.

ಪುಟ 7: ಸುತ್ತಮುತ್ತ

ಕುವೆಂಪುನಗರ ಹಳೆಯ, ನೆಲೆನಿಂತ ಬಡಾವಣೆ. ತರಕಾರಿ, ಹೂವು, ಔಷಧಿ, ಟೈಲರ್, ಎಲ್ಲದಕ್ಕೂ ನಡೆದೇ ಹೋಗಬಹುದು. ಪಂಚಮಂತ್ರ ರಸ್ತೆ ಮತ್ತು ನೃಪತುಂಗ ರಸ್ತೆಯಲ್ಲಿ ಸಂಜೆ ಅಂಗಡಿ, ಹೋಟೆಲುಗಳ ಓಡಾಟ ಜೋರು. ಮನೆ ಒಳರಸ್ತೆಯಲ್ಲಿರುವುದರಿಂದ ಆ ಗದ್ದಲ ಇಲ್ಲಿಗೆ ಬರುವುದಿಲ್ಲ.

ಆದಿಚುಂಚನಗಿರಿ ರಸ್ತೆಯ ಅಪೊಲೊ ಬಿಜಿಎಸ್ ಆಸ್ಪತ್ರೆ ಇದೇ ಬಡಾವಣೆಯಲ್ಲಿದೆ. ವಯಸ್ಸಾದ ತಂದೆ ತಾಯಿ ಜೊತೆಗಿರುವವರು ಮೊದಲು ಕೇಳುವುದು ಇದನ್ನೇ. ಶಾಲೆಗೆ ಜ್ಞಾನಗಂಗಾ ಹತ್ತಿರ. ಸರಸ್ವತಿಪುರಂನ ವಿಜಯ ವಿಠಲ ವಿದ್ಯಾಶಾಲೆಗೂ ಇಲ್ಲಿಂದ ಮಕ್ಕಳು ಹೋಗುತ್ತಾರೆ. ಸಿಟಿ ಬಸ್ಸಿಗೆ ಅಕ್ಷಯ ಭಂಡಾರ್ ಸ್ಟಾಪ್. ರೈಲ್ವೆ ಸ್ಟೇಷನ್ ಸುಮಾರು 5 ಕಿ.ಮೀ.

ವಾಕಿಂಗ್ ಮಾಡುವವರಿಗೆ ಒಂದು ಕಡೆ ಕುಕ್ಕರಹಳ್ಳಿ ಕೆರೆ, ಇನ್ನೊಂದು ಕಡೆ ಲಿಂಗಾಂಬುಧಿ ಕೆರೆ. ಎರಡಕ್ಕೂ ಗಾಡಿಯಲ್ಲಿ ಹೋಗಬೇಕು.

ಪುಟ 8: ದಾಖಲೆ

ಸೈಟನ್ನು 1982ರಲ್ಲಿ ಸಿಐಟಿಬಿ, ಅಂದರೆ ಮುಡಾಗಿಂತ ಮುಂಚಿನ ಸಂಸ್ಥೆ, ಹಂಚಿತ್ತು. ಮೂಲ ಹಂಚಿಕೆದಾರರಿಂದ ಈಗಿನ ಮಾಲೀಕರು 1998ರಲ್ಲಿ ಕೊಂಡರು. ಸ್ವಯಾರ್ಜಿತ ಆಸ್ತಿ. ಹಂಚಿಕೆ ಪತ್ರ, ಎರಡು ಕ್ರಯಪತ್ರ, ಮಂಜೂರಾದ ನಕ್ಷೆ, ಈ ವರ್ಷದ ಕಂದಾಯ ರಸೀದಿ, ಋಣಭಾರ ಪತ್ರ ಎಲ್ಲವೂ ಇವೆ. ಸಾಲ ಇಲ್ಲ. ಇ-ಖಾತಾ ಆಗಿದೆ. ಈಗ ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ.

ಜೆರಾಕ್ಸ್ ಸೆಟ್ ಕೊಡುತ್ತೇವೆ. ನಿಮ್ಮದೇ ವಕೀಲರಿಗೆ ತೋರಿಸಿ. ಅವರು ಸರಿ ಅನ್ನುವ ತನಕ ಅಡ್ವಾನ್ಸ್ ಕೊಡಬೇಡಿ.

ಪುಟ 9: ಒಟ್ಟು ಎಷ್ಟು ಬೇಕು

ಮನೆ ಹುಡುಕುವವರು ಹೆಚ್ಚಾಗಿ ಎಡವುವುದು ಇಲ್ಲೇ. ಸಾಲ ಸಿಗುತ್ತದೆ ಅಂದುಕೊಂಡು ಕೈಯಲ್ಲಿ ಇರಬೇಕಾದ ದುಡ್ಡಿನ ಲೆಕ್ಕ ಹಾಕಿರುವುದಿಲ್ಲ.

75 ಲಕ್ಷಕ್ಕಿಂತ ದೊಡ್ಡ ಗೃಹಸಾಲಕ್ಕೆ ಬ್ಯಾಂಕು ಆಸ್ತಿ ಮೌಲ್ಯದ ಶೇ. 75ರವರೆಗೆ ಮಾತ್ರ ಕೊಡಬಹುದು. ಈ ಮನೆಗೆ ಅದು 1 ಕೋಟಿ 11 ಲಕ್ಷ. ಉಳಿದ 37 ಲಕ್ಷ ನಿಮ್ಮದು.

ಮುದ್ರಾಂಕ ಶುಲ್ಕ ಶೇ. 5. ಸೆಸ್, ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎರಡೂ ಕೂಡಿಸಿದರೆ ಶೇ. 7.6, ಅಂದರೆ 11,24,800 ರೂಪಾಯಿ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ನಮ್ಮ ಕಮಿಷನ್ ಶೇ. 1, ಅಂದರೆ 1,48,000.

ಒಟ್ಟು ಸುಮಾರು 50 ಲಕ್ಷ ಕೈಯಲ್ಲಿರಬೇಕು. ವಕೀಲರ ಫೀಸು, ಬ್ಯಾಂಕಿನ ಖರ್ಚು ಬೇರೆ. ಆಸ್ತಿ 50 ಲಕ್ಷ ದಾಟಿರುವುದರಿಂದ ಶೇ. 1 ಟಿಡಿಎಸ್ ಹಿಡಿದು ಕಟ್ಟುವ ಜವಾಬ್ದಾರಿಯೂ ಕೊಳ್ಳುವವರದೇ. ಅದು ಹೊಸ ಖರ್ಚಲ್ಲ, ಮಾಲೀಕರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವುದು.

ಪುಟ 10: ಮನೆ ನೋಡಲು

ಶನಿವಾರ, ಭಾನುವಾರ ಬೆಳಿಗ್ಗೆ 10ರಿಂದ 1 ಗಂಟೆ. ಬೇರೆ ದಿನ ಸಂಜೆ 5ರ ಮೇಲೆ. ಮಾಲೀಕರು ಇನ್ನೂ ವಾಸವಿದ್ದಾರೆ, ಹಾಗಾಗಿ ಹಿಂದಿನ ದಿನವೇ ತಿಳಿಸಿ. ನೋಡಲು ಹಣ ಕೊಡಬೇಕಿಲ್ಲ. ಈ ಡೆಕ್ ಬಂದ ವಾಟ್ಸಾಪ್ ನಂಬರಿಗೇ ನಿಮ್ಮ ಹೆಸರು, ಬರುವ ಸಮಯ ಕಳಿಸಿದರೆ ಸಾಕು, ಲೊಕೇಶನ್ ಕಳಿಸುತ್ತೇವೆ. ಸಾಧ್ಯವಾದರೆ ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಬನ್ನಿ. ಬೆಳಕು, ರಸ್ತೆಯ ಸದ್ದು ಎರಡೂ ತಿಳಿಯುತ್ತವೆ.