ಅಪ್ಪನವರಿಗೆ: ಕುತ್ತಿಗೆಪಟ್ಟಿಯನ್ನು ಟಿವಿಗೆ ಜೋಡಿಸುವ ಕ್ರಮ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ಟಿವಿಯ ಧ್ವನಿ ಕಿವಿಯಲ್ಲೇ ಕೇಳಲೆಂದು ಕೊರಳಿಗೆ ಹಾಕಿಕೊಳ್ಳುವ ಬ್ಲೂಟೂತ್ ಕುತ್ತಿಗೆಪಟ್ಟಿಯ ಬಗ್ಗೆ ನಿನ್ನೆ ರಾತ್ರಿ ಫೋನಿನಲ್ಲಿ ನೀವು "ಹೆಸರು ಪರದೆಯ ಮೇಲೆ ಕಾಣಿಸುತ್ತದೆ, ಒತ್ತಿದರೆ ಮಾತ್ರ ಸೇರುವುದಿಲ್ಲ" ಎಂದು ಹೇಳಿದ ಮಾತನ್ನು ನಾನು ಬಹಳ ಹೊತ್ತು ಯೋಚಿಸಿದೆ. ಸಾಗರದ ಅಂಗಡಿಯವರು ಹೊಸದನ್ನೇ ಕೊಳ್ಳಿ ಎಂದರಂತೆ. ದಯವಿಟ್ಟು ಕೊಳ್ಳಬೇಡಿ. ಕುತ್ತಿಗೆಪಟ್ಟಿ ಕೆಟ್ಟಿರಲಿಕ್ಕಿಲ್ಲ ಎಂದೇ ನನಗನ್ನಿಸುತ್ತದೆ, ಮತ್ತು ನಿಮ್ಮ ಕೈಯಿಂದ ಯಾವ ತಪ್ಪೂ ಆಗಿಲ್ಲ. ಈ ಹಾಳೆಯನ್ನು ಟಿವಿಯ ಪಕ್ಕದಲ್ಲಿಟ್ಟುಕೊಂಡು, ಹಗಲು ಬೆಳಕಿರುವಾಗ, ಕನ್ನಡಕ ಹಾಕಿಕೊಂಡು, ಒಂದೊಂದೇ ಹೆಜ್ಜೆಯನ್ನು ಮಾಡುತ್ತಾ ಹೋಗಿ. ಒಂದು ಹೆಜ್ಜೆ ಮುಗಿಯದೆ ಮುಂದಿನದಕ್ಕೆ ಹೋಗುವುದು ಬೇಡ.

ಮೊದಲು ಕಾರಣವನ್ನು ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ನೀವು ಉಳಿದದ್ದನ್ನು ನನಗಿಂತ ಚೆನ್ನಾಗಿ ಮಾಡುತ್ತೀರಿ. ನಮ್ಮ ಕುತ್ತಿಗೆಪಟ್ಟಿ ಒಂದು ಸಲಕ್ಕೆ ಒಂದೇ ಯಂತ್ರದೊಡನೆ ಮಾತಾಡಬಲ್ಲದು. ಅದನ್ನು ಆನ್ ಮಾಡಿದ ಕೂಡಲೇ ಅದು ಕೊನೆಯ ಸಲ ಯಾವುದಕ್ಕೆ ಸೇರಿತ್ತೋ ಅದನ್ನೇ ಹುಡುಕುತ್ತದೆ, ಮತ್ತು ಈಗ ಅದು ನಿಮ್ಮ ಅಂಗಿಯ ಜೇಬಿನಲ್ಲಿರುವ ಫೋನು. ಮಳೆಗಾಲದಲ್ಲಿ ನಾನು ಊರಿಗೆ ಬಂದಿದ್ದಾಗ ನಿಮಗೆ ಮಾತು ಸ್ಪಷ್ಟವಾಗಿ ಕೇಳಲೆಂದು ಅದನ್ನು ಫೋನಿಗೆ ಜೋಡಿಸಿಕೊಟ್ಟವಳು ನಾನೇ. ಅಂದಿನಿಂದ ಟಿವಿ ಕರೆಯುವ ಹೊತ್ತಿಗೆ ಅದು ಫೋನಿನ ಕೈ ಹಿಡಿದುಕೊಂಡಿರುತ್ತದೆ. ಎರಡನೆಯ ಕಾರಣವೂ ಇರಬಹುದು. ಎರಡು ಯಂತ್ರಗಳು ಮೊದಲ ಸಲ ಜೋಡಿಯಾದಾಗ ತಮ್ಮೊಳಗೆ ಒಂದು ಗುರುತನ್ನು ಬರೆದಿಟ್ಟುಕೊಳ್ಳುತ್ತವೆ. ಒಂದರಲ್ಲಿ ಆ ಗುರುತು ಅಳಿಸಿಹೋಗಿ ಇನ್ನೊಂದರಲ್ಲಿ ಹಳೆಯದೇ ಉಳಿದರೆ, ಹೆಸರು ಕಾಣಿಸಿದರೂ ಎರಡೂ ಒಂದನ್ನೊಂದು ಒಪ್ಪುವುದಿಲ್ಲ. ಆದ್ದರಿಂದ ನಾವು ಮಾಡಬೇಕಾದದ್ದು ಎರಡೇ ಕೆಲಸ: ಫೋನನ್ನು ದೂರ ಮಾಡುವುದು, ಹಳೆಯ ಗುರುತನ್ನು ಅಳಿಸಿ ಹೊಸದಾಗಿ ಜೋಡಿಸುವುದು.

ಕುತ್ತಿಗೆಪಟ್ಟಿಯನ್ನು ಅರ್ಧ ಗಂಟೆಯಾದರೂ ಚಾರ್ಜಿಗೆ ಇಟ್ಟು, ಬಳಿಕ ತಂತಿಯನ್ನು ತೆಗೆದುಬಿಡಿ. ತಂತಿ ಚುಚ್ಚಿದ್ದಾಗ ಅದು ಜೋಡಣೆಗೆ ಒಪ್ಪುವುದಿಲ್ಲ. ಆಮೇಲೆ ನಿಮ್ಮ ಫೋನಿನ ಪರದೆಯನ್ನು ಮೇಲಿನ ಅಂಚಿನಿಂದ ಬೆರಳಿನಿಂದ ಕೆಳಕ್ಕೆ ಎಳೆದರೆ ಬ್ಲೂಟೂತ್‌ನ ಗುರುತು ಕಾಣಿಸುತ್ತದೆ. ಅದನ್ನು ಒಮ್ಮೆ ಮುಟ್ಟಿ, ಬಣ್ಣ ಮಾಸಿದಂತಾದರೆ ಬ್ಲೂಟೂತ್ ಆಫ್ ಆಯಿತೆಂದು ತಿಳಿಯಿರಿ. ಇದರಿಂದ ನನ್ನ ಕರೆ ಬರುವುದು ನಿಲ್ಲುತ್ತದೆಯೋ ಎಂಬ ಆತಂಕ ಬೇಡ. ಫೋನು ಎಂದಿನಂತೆ ರಿಂಗಾಗುತ್ತದೆ, ವಾಟ್ಸಾಪ್ ಕೂಡ ಬರುತ್ತದೆ. ಅಮ್ಮನ ಫೋನನ್ನೂ ಒಮ್ಮೆ ನೋಡಿ. ಅದರಲ್ಲಿಯೂ ಪ್ರಯತ್ನಿಸಿ ನೋಡಿದ್ದೆವಲ್ಲವೇ, ಅದು ಕೂಡ ಹಿಡಿದುಕೊಳ್ಳುವ ಸಾಧ್ಯತೆಯಿದೆ.

ಇನ್ನು ಟಿವಿ. ರಿಮೋಟಿನ ಕೆಂಪು ಗುಂಡಿ ಒತ್ತಿದರೆ ಟಿವಿ ನಿದ್ದೆ ಹೋಗುತ್ತದೆಯೇ ಹೊರತು ಪೂರ್ತಿ ಆರುವುದಿಲ್ಲ. ಆದ್ದರಿಂದ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಚಿತ್ರ ಬಂದ ಮೇಲೂ ಎರಡು ನಿಮಿಷ ಸುಮ್ಮನಿರಿ, ಏಕೆಂದರೆ ಒಳಗಿನ ಕೆಲಸಗಳೆಲ್ಲ ಶುರುವಾಗಲು ಅಷ್ಟು ಹೊತ್ತು ಬೇಕಾಗುತ್ತದೆ. ಈಗ ಕೈಯಲ್ಲಿ ಟಿವಿಯದೇ ರಿಮೋಟು ಇರಬೇಕು, ಸೆಟ್‌ಟಾಪ್ ಬಾಕ್ಸಿನದಲ್ಲ. ಉದ್ದನೆಯ, ಗುಂಡಿಗಳು ಕಡಿಮೆ ಇರುವ ಕಪ್ಪು ರಿಮೋಟು ಅದು. ಮನೆಯ ಚಿತ್ರವಿರುವ ಗುಂಡಿ ಒತ್ತಿ, ಪರದೆಯ ಬಲಮೇಲಿನ ಮೂಲೆಯಲ್ಲಿರುವ ಹಲ್ಲಿನ ಚಕ್ರದ ಗುರುತಿಗೆ ಬಾಣದ ಗುಂಡಿಯಿಂದ ಹೋಗಿ ನಡುವಿನ ಗುಂಡಿಯನ್ನು ಒತ್ತಿ. Settings ಎಂಬ ಪಟ್ಟಿ ತೆರೆಯುತ್ತದೆ. ಅದರಲ್ಲಿ ಕೆಳಕ್ಕಿಳಿದರೆ Remotes & Accessories ಎಂದಿದೆ. ಅದನ್ನು ತೆರೆದಾಗ ನಿಮ್ಮ ಕುತ್ತಿಗೆಪಟ್ಟಿಯ ಹೆಸರು ಮೊದಲೇ ಅಲ್ಲಿದ್ದರೆ, ಆ ಹೆಸರನ್ನು ಒತ್ತಿ, Forget ಅಥವಾ Unpair ಎಂಬುದನ್ನು ಆರಿಸಿ. ಹೆಸರು ಅಳಿಸಿತೆಂದು ಗಾಬರಿಯಾಗಬೇಡಿ, ಹಳೆಯ ಗುರುತನ್ನು ತೆಗೆಯುವುದು ಹೀಗೆಯೇ. ಅದೇ ಪಟ್ಟಿಯಲ್ಲಿ ಟಿವಿ ರಿಮೋಟಿನ ಹೆಸರೂ ಇರಬಹುದು. ಅದನ್ನು ಮಾತ್ರ ಅಳಿಸಬೇಡಿ.

ಮುಂದಿನ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುವುದು, ಆದ್ದರಿಂದ ನಿಧಾನವಾಗಿ ಓದಿ. ಕುತ್ತಿಗೆಪಟ್ಟಿಯ ಎಡದೋಳಿನಲ್ಲಿ ಒಂದು ಜಾರುಗುಂಡಿಯಿದೆ. ಅದು ಕಿವಿಯ ಚಿತ್ರದ ಕಡೆಗಿದ್ದರೆ ಪಟ್ಟಿಯು ಎದುರಿಗೆ ಕುಳಿತವರ ಮಾತನ್ನು ಮಾತ್ರ ಜೋರು ಮಾಡಿ ಕೇಳಿಸುತ್ತದೆ, ಬ್ಲೂಟೂತ್ ಆಗ ಮುಚ್ಚಿರುತ್ತದೆ. ಅದನ್ನು ಇನ್ನೊಂದು ಕಡೆಗೆ, ಸಂಗೀತದ ಚಿಹ್ನೆಯ ಕಡೆಗೆ ಸರಿಸಿ. ನಂತರ ಬಲದೋಳಿನ ಮೂರು ಗುಂಡಿಗಳಲ್ಲಿ ನಡುವಿನದು. ನಾನು ಅಮ್ಮನ ಸ್ಟಿಕರ್ ಕುಂಕುಮವೊಂದನ್ನು ಅದರ ಮೇಲೆ ಅಂಟಿಸಿದ್ದೆ, ಅದಿನ್ನೂ ಅಲ್ಲಿರಬೇಕು. ಪಟ್ಟಿ ಆನ್ ಆಗಿದ್ದರೆ ಮೊದಲು ಆಫ್ ಮಾಡಿ. ಆಮೇಲೆ ಹೆಬ್ಬೆರಳನ್ನು ಆ ಕುಂಕುಮದ ಮೇಲಿಟ್ಟು, ಒತ್ತಿಹಿಡಿದು, ಮನಸ್ಸಿನಲ್ಲಿ ಒಂದರಿಂದ ಏಳರವರೆಗೆ ನಿಧಾನವಾಗಿ ಎಣಿಸಿ. ಮೂರಕ್ಕೆ ನೀಲಿ ದೀಪ ಒಮ್ಮೆ ಮಿನುಗುತ್ತದೆ. ಅಲ್ಲಿಗೆ ಬಿಟ್ಟರೆ ಪಟ್ಟಿ ಆನ್ ಆಗುವುದಷ್ಟೇ, ಜೋಡಣೆಗೆ ಸಿದ್ಧವಾಗುವುದಿಲ್ಲ. ನೀವು ಪ್ರತಿಸಲ ಅಲ್ಲಿಯೇ ಬೆರಳು ತೆಗೆಯುತ್ತಿದ್ದಿರೆಂದು ನನ್ನ ಊಹೆ. ಇನ್ನೂ ಹಿಡಿದೇ ಇದ್ದರೆ ಕೆಂಪು ಮತ್ತು ನೀಲಿ ದೀಪಗಳು ಒಂದಾದ ಮೇಲೊಂದು ಬೇಗಬೇಗನೆ ಮಿನುಗತೊಡಗುತ್ತವೆ. ಆಗ ಬೆರಳು ತೆಗೆಯಿರಿ.

ದೀಪಗಳು ಹೀಗೆ ಮಿನುಗುತ್ತಿರುವಾಗಲೇ ಟಿವಿಯ ಅದೇ ಪಟ್ಟಿಯಲ್ಲಿ Pair accessory ಎಂಬ ಸಾಲನ್ನು ಒತ್ತಿ. ಕೆಲವು ಕ್ಷಣಗಳಲ್ಲಿ ಕುತ್ತಿಗೆಪಟ್ಟಿಯ ಹೆಸರು ಬರುತ್ತದೆ. ಪಕ್ಕದ ಮನೆಯವರ ಸ್ಪೀಕರಿನ ಹೆಸರೂ ಬರಬಹುದು, ಆದ್ದರಿಂದ ಕುತ್ತಿಗೆಪಟ್ಟಿಯ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಹೆಸರಿನೊಡನೆ ಹೋಲಿಸಿ ನೋಡಿ ಒತ್ತಿ. ಒಪ್ಪಿಗೆ ಕೇಳಿದರೆ Pair ಎನ್ನಿ. ಜೋಡಿಯಾದ ಮೇಲೆ ಕೆಂಪು ದೀಪ ಆರಿ, ನೀಲಿ ದೀಪ ಮಾತ್ರ ಬಹಳ ನಿಧಾನವಾಗಿ ಮಿನುಗುತ್ತದೆ. ಹೆಸರು ಬರುವುದಕ್ಕೆ ಮುಂಚೆಯೇ ದೀಪಗಳು ನಿಂತುಹೋದರೆ ಸಮಯ ಮುಗಿಯಿತೆಂದರ್ಥ. ಪಟ್ಟಿಯನ್ನು ಆಫ್ ಮಾಡಿ ಮತ್ತೆ ಏಳರವರೆಗೆ ಎಣಿಸಿ.

ಕಿವಿಗೆ ಹಾಕಿಕೊಳ್ಳುವ ಮೊದಲು ಧ್ವನಿಯನ್ನು ಕಡಿಮೆ ಮಾಡಿಕೊಂಡು, ನಿಧಾನವಾಗಿ ಏರಿಸಿ. ಕೇಳಿಸಲಿಲ್ಲವೆಂದು ಒಮ್ಮೆಲೇ ಪೂರ್ತಿ ಏರಿಸುವುದು ಕಿವಿಗೆ ಒಳ್ಳೆಯದಲ್ಲ. ಪಟ್ಟಿ ಜೋಡಿಯಾದೊಡನೆ ಟಿವಿಯ ಸ್ವಂತ ಧ್ವನಿ ನಿಂತುಹೋಗುತ್ತದೆ, ಅಮ್ಮನಿಗೆ ಆಗ ಏನೂ ಕೇಳಿಸುವುದಿಲ್ಲ. ಇದು ದೋಷವಲ್ಲ, ನಮ್ಮ ಟಿವಿ ಒಂದು ಸಲಕ್ಕೆ ಒಂದೇ ಕಡೆ ಧ್ವನಿ ಕಳಿಸುತ್ತದೆ. ಅಮ್ಮ ಧಾರಾವಾಹಿ ನೋಡುವ ಹೊತ್ತಿಗೆ ನೀವು ಪಟ್ಟಿಯನ್ನು ಆಫ್ ಮಾಡಿದರೆ ಟಿವಿಯ ಧ್ವನಿ ತಾನಾಗಿ ಮರಳುತ್ತದೆ. ವಾರ್ತೆ ಓದುವವರ ತುಟಿಗೂ ಮಾತಿಗೂ ಸ್ವಲ್ಪ ಅಂತರ ಕಂಡರೆ ಅದನ್ನು ನಾನು ಬಂದಾಗ ಸರಿಮಾಡುತ್ತೇನೆ, ಅದಕ್ಕಾಗಿ ನೀವು ಏನನ್ನೂ ಒತ್ತಬೇಡಿ.

ನಾಳೆಯಿಂದ ಇಷ್ಟೆಲ್ಲ ಮಾಡಬೇಕಾಗಿಲ್ಲ. ಫೋನಿನ ಬ್ಲೂಟೂತ್ ಆಫ್ ಇರಲಿ, ಟಿವಿ ಆನ್ ಮಾಡಿ ಎರಡು ನಿಮಿಷ ಕಾಯಿರಿ, ಆಮೇಲೆ ಪಟ್ಟಿಯನ್ನು ಆನ್ ಮಾಡಿ. ಅದು ಟಿವಿಯನ್ನೇ ಹುಡುಕಿ ಸೇರುತ್ತದೆ. ಕರೆಂಟು ಹೋಗಿಬಂದಾಗಲೂ ಇದೇ ಕ್ರಮ, ಗುರುತು ಅಳಿಸಿಹೋಗುವುದಿಲ್ಲ. ಪಟ್ಟಿ ಹಾಕಿಕೊಂಡು ಅಡುಗೆಮನೆಗೆ ಹೋದರೆ ನಡುವಿನ ಮಣ್ಣಿನ ಗೋಡೆಯಿಂದ ಧ್ವನಿ ತುಂಡುತುಂಡಾಗಬಹುದು, ಜಗಲಿಯಲ್ಲಿ ಕುಳಿತರೆ ತೊಂದರೆಯಿಲ್ಲ.

ಎರಡು ಸಲ ಮಾಡಿದರೂ ಸೇರದಿದ್ದರೆ ಅಲ್ಲಿಗೆ ನಿಲ್ಲಿಸಿ, ಸಂಜೆ ಏಳರ ನಂತರ ವಿಡಿಯೋ ಕರೆ ಮಾಡಿ. ಅಮ್ಮ ಫೋನನ್ನು ಟಿವಿಯ ಕಡೆಗೆ ಹಿಡಿದುಕೊಂಡರೆ ಪರದೆಯನ್ನು ನಾನು ಓದಿ ಹೇಳುತ್ತೇನೆ, ಒತ್ತುವುದನ್ನು ನೀವು ಮಾಡಿ. ಅದಕ್ಕೂ ಬಗ್ಗದಿದ್ದರೆ, ಟಿವಿಯ ಹಿಂಬದಿಯ ಹೆಡ್‌ಫೋನ್ ತೂತಿಗೆ ಚುಚ್ಚುವ ಚಿಕ್ಕ ಬ್ಲೂಟೂತ್ ಸಾಧನವೊಂದನ್ನು ದೀಪಾವಳಿಗೆ ಬರುವಾಗ ಪುಣೆಯಿಂದ ತರುತ್ತೇನೆ.

ನಿಮ್ಮ ಮಗಳು